ಮುಟ್ಟು ನಿಂತ ಮೇಲಿನ ಉರಿಮೂತ್ರಕ್ಕೆ ಮುಲಾಮಿನ ಮದ್ದು

ಕೋಲಾರದ ಕಡೆ ಐವತ್ತು ದಾಟಿದ ಹೆಂಗಸು ಉರಿಮೂತ್ರ ಎಂದರೆ ಮನೆಯವರ ಮೊದಲ ಮಾತು ‘ಉಷ್ಣ ಆಗಿದೆ’ ಎಂದು. ಎಳನೀರು, ಬಾರ್ಲಿ ನೀರು, ನೀರುಮಜ್ಜಿಗೆ ಎಲ್ಲ ಆಗುತ್ತದೆ. ಎರಡು ದಿನಕ್ಕೂ ತಗ್ಗದಿದ್ದರೆ ಮೆಡಿಕಲ್ ಶಾಪಿನಿಂದ ನಾಲ್ಕೈದು ಆ್ಯಂಟಿಬಯಾಟಿಕ್ ಮಾತ್ರೆ, ಜೊತೆಗೆ ಉರಿ ಕಡಿಮೆ ಮಾಡುವ ಸಿಹಿ ಸಿರಪ್ಪು ಬರುತ್ತವೆ. ಮೂರನೇ ದಿನಕ್ಕೆ ಆರಾಮ. ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಉರಿ, ರಾತ್ರಿ ನಾಲ್ಕು ಸಲ ಏಳುವುದು, ಬಚ್ಚಲು ಸೇರುವ ಮೊದಲೇ ಸೀರೆ ಒದ್ದೆಯಾಗುವುದು.

ಹೀಗೆ ವರ್ಷಕ್ಕೆ ನಾಲ್ಕೈದು ಸಲ ಆದವರು ಕೊನೆಗೆ ಕೋಲಾರದ ಎಸ್‌.ಎನ್‌.ಆರ್‌. ಜಿಲ್ಲಾಸ್ಪತ್ರೆಗೋ ತಮಕದ ಜಾಲಪ್ಪ ಆಸ್ಪತ್ರೆಗೋ ಬಂದಾಗ ಹೇಳುವುದು ಉರಿಮೂತ್ರದ ವಿಷಯ ಮಾತ್ರ. ಯೋನಿಯಲ್ಲಿ ಒಣಗಿದಂತಾಗಿ ಕೆರೆತ ಬರುತ್ತದೆ, ಗಂಡನ ಜೊತೆ ಮಲಗಿದರೆ ಸೀಳಿದಂತೆ ನೋಯುತ್ತದೆ, ಒಳಬಟ್ಟೆ ಉಜ್ಜಿದರೂ ಉರಿಯುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ, ಡಾಕ್ಟರರೂ ಅನೇಕ ಸಲ ಕೇಳುವುದಿಲ್ಲ. ಚಿಕಿತ್ಸೆ ತಪ್ಪಿಹೋಗುವುದು ಇಲ್ಲೇ. ಈ ವಯಸ್ಸಿನಲ್ಲಿ ಪದೇ ಪದೇ ಬರುವ ಮೂತ್ರದ ಸೋಂಕಿಗೂ ಆ ಒಣಗುವಿಕೆಗೂ ಬಹಳ ಸಲ ಒಂದೇ ಮೂಲವಿರುತ್ತದೆ.

ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ಜನ ಕೊಡುವ ಇನ್ನೊಂದು ಕಾರಣ ನೀರು. ಅವರು ನೀರಿನ ಮೇಲೆ ಅನುಮಾನಪಡುವುದರಲ್ಲಿ ತಪ್ಪಿಲ್ಲ. ಈ ಜಿಲ್ಲೆಯ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಕೆರೆಗಳಿಗೆ ಬರತೊಡಗಿದ ಮೇಲೆ ಅದರ ಬಗೆಗೂ ಚರ್ಚೆ ನಿಂತಿಲ್ಲ. ಆದರೆ ಫ್ಲೋರೈಡ್ ಹಾಳು ಮಾಡುವುದು ಹಲ್ಲು ಮತ್ತು ಮೂಳೆಯನ್ನು. ಮೂತ್ರದ ಸೋಂಕು ತರುವ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಕುಡಿಯುವ ನೀರಿನಿಂದ ನೇರವಾಗಿ ಮೂತ್ರಕೋಶಕ್ಕೆ ಇಳಿಯುವುದಿಲ್ಲ. ಅದು ಎಲ್ಲರ ಕರುಳಿನಲ್ಲೂ ಇರುವಂಥದ್ದು. ಗುದದ್ವಾರದಿಂದ ಯೋನಿಯ ಬಾಯಿಗೆ ಬಂದು, ಅಲ್ಲಿ ನೆಲೆ ಹೂಡಿ, ಹೆಂಗಸರಲ್ಲಿ ಸುಮಾರು 4 ಸೆಂ.ಮೀ. ಮಾತ್ರ ಉದ್ದವಿರುವ ಮೂತ್ರನಾಳವನ್ನು ಹತ್ತಿ ಒಳಹೋಗುತ್ತದೆ.

ನೀರು ಕಡಿಮೆ ಕುಡಿಯುವುದು ಮಾತ್ರ ನಿಜವಾದ ತೊಂದರೆಯೇ. ಟೊಮೆಟೊ ಬಿಡಿಸಲು ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಹೋದವರು, ಕಾರ್ಖಾನೆಯ ಬಸ್ಸಿಗೆ ಕಾಯುವವರು, ‘ಅಲ್ಲೆಲ್ಲಿ ಕೂರುವುದು’ ಎಂದು ನೀರೇ ಮುಟ್ಟದೆ ಮಧ್ಯಾಹ್ನ ಮಾಡುತ್ತಾರೆ. ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ, ಪದೇ ಪದೇ ಸೋಂಕಾಗುತ್ತಿದ್ದ ಹೆಂಗಸರಿಗೆ ಇನ್ನೂ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿಸಿ ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸೋಂಕು ಹತ್ತಿರಹತ್ತಿರ ಅರ್ಧಕ್ಕೆ ಇಳಿದಿತ್ತು. ಆದರೆ ಆ ಅಧ್ಯಯನದಲ್ಲಿದ್ದವರೆಲ್ಲ ಮುಟ್ಟು ನಿಲ್ಲದ ಹೆಂಗಸರು. ಮುಟ್ಟು ನಿಂತವರು ಬಿಂದಿಗೆಗಟ್ಟಲೆ ಕುಡಿದರೂ ಸರಿಹೋಗದ ಒಂದು ಬದಲಾವಣೆ ಅವರ ಮೈಯಲ್ಲಿ ಆಗಿರುತ್ತದೆ.

ಆ ಬದಲಾವಣೆ ಈಸ್ಟ್ರೊಜೆನ್ ಹಾರ್ಮೋನಿನದು. ಯೋನಿ, ಮೂತ್ರನಾಳ, ಮೂತ್ರಕೋಶದ ಬುಡ, ಮೂರೂ ಈ ಹಾರ್ಮೋನಿನ ಆಸರೆಯಲ್ಲಿ ಇರುವ ಅಂಗಗಳು. ಅಂಡಾಶಯ ಅದನ್ನು ಸುರಿಸುವವರೆಗೆ ಯೋನಿಯ ಒಳಪದರ ದಪ್ಪವಾಗಿ, ಮಡಿಕೆಮಡಿಕೆಯಾಗಿ, ತೇವವಾಗಿರುತ್ತದೆ. ಆ ಪದರದ ಕೋಶಗಳಲ್ಲಿ ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನಿರುತ್ತದೆ. ಉದುರಿದ ಕೋಶಗಳ ಆ ಸಕ್ಕರೆಯನ್ನು ತಿಂದು ಬದುಕುವ ಲ್ಯಾಕ್ಟೊಬ್ಯಾಸಿಲಸ್ ಎಂಬ ಸೂಕ್ಷ್ಮಜೀವಿಗಳು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ಆ ಹುಳಿಯಲ್ಲಿ ಇ. ಕೊಲೈ ಬೆಳೆಯುವುದು ಕಷ್ಟ. ಹುಳಿಯನ್ನು ಅಳೆಯುವ ಪಿಎಚ್ ಲೆಕ್ಕದಲ್ಲಿ ಹೇಳುವುದಾದರೆ ಆರೋಗ್ಯವಂತ ಯೋನಿಯ ಅಂಕಿ 4ರ ಆಸುಪಾಸು. ಅಂಕಿ ಮೇಲೇರಿದಷ್ಟೂ ಹುಳಿ ಕಡಿಮೆ.

ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿಯುತ್ತದೆ. ಪದರ ತೆಳುವಾಗುತ್ತದೆ, ಸಕ್ಕರೆಯ ದಾಸ್ತಾನು ಬರಿದಾಗುತ್ತದೆ, ಲ್ಯಾಕ್ಟೊಬ್ಯಾಸಿಲಸ್ ಮಾಯವಾಗುತ್ತದೆ, ಪಿಎಚ್ 5 ದಾಟುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳಿಗೆ ಮೂತ್ರನಾಳದ ಹೊಸ್ತಿಲಲ್ಲೇ ಠಿಕಾಣಿ ಸಿಗುತ್ತದೆ. ಆ್ಯಂಟಿಬಯಾಟಿಕ್ ಮಾತ್ರೆ ಮೂತ್ರಕೋಶದೊಳಗೆ ಸೇರಿದವನ್ನು ಕೊಲ್ಲುತ್ತದೆ ನಿಜ. ಹೊಸ್ತಿಲಲ್ಲಿ ಕಳೆದುಹೋದ ಹುಳಿಯನ್ನು ಅದು ಮರಳಿಸುವುದಿಲ್ಲ. ಕೋರ್ಸು ಮುಗಿದ ಕೆಲವು ವಾರಗಳಲ್ಲೇ ಮತ್ತೆ ಸೋಂಕಾಗುವುದು ಇದಕ್ಕೇ. ಮಾತ್ರೆಯ ‘ಪವರ್’ ಸಾಲದೆಂದು ಇನ್ನೂ ದೊಡ್ಡ ಮಾತ್ರೆಗೆ ಹೋದರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುವುದಷ್ಟೇ ಲಾಭ.

ಹಾಲು ಹಾಕುವ ಮನೆಗಳೇ ತುಂಬಿರುವ ಈ ಜಿಲ್ಲೆಯವರಿಗೆ ಇದನ್ನು ಹೆಪ್ಪಿನ ಲೆಕ್ಕದಲ್ಲಿ ಹೇಳಬಹುದು. ಲ್ಯಾಕ್ಟೊಬ್ಯಾಸಿಲಸ್ ಮೊಸರಿನ ಬ್ಯಾಕ್ಟೀರಿಯಾಗಳ ನೆಂಟ. ಹಾಲೇ ಇಲ್ಲದ ಪಾತ್ರೆಗೆ ಎಷ್ಟು ಹೆಪ್ಪು ಹಾಕಿದರೂ ಮೊಸರಾಗುವುದಿಲ್ಲ. ಹಾಗೆಯೇ ಕೋಶಗಳಲ್ಲಿ ಸಕ್ಕರೆಯೇ ಇಲ್ಲದಾಗ ಒಳ್ಳೆಯ ಬ್ಯಾಕ್ಟೀರಿಯಾದ ಮಾತ್ರೆ ನುಂಗಿದರೆ ಅವು ಅಲ್ಲಿ ನಿಲ್ಲುವುದು ಕಷ್ಟ. ಈಸ್ಟ್ರೊಜೆನ್ ಮಾಡುವುದು ಹಾಲು ತುಂಬುವ ಕೆಲಸ. ಅದಾದ ಮೇಲೆ ಹೆಪ್ಪು ಬಹುಮಟ್ಟಿಗೆ ತಾನಾಗಿ ಬರುತ್ತದೆ.

ಇದು ಬರೀ ಊಹೆಯಲ್ಲ ಎಂದು ತೋರಿಸಿದ್ದು 1993ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಇಸ್ರೇಲಿನ ರಾವುಲ್ ರಾಜ್ ಮತ್ತು ಅಮೆರಿಕದ ವಾಲ್ಟರ್ ಸ್ಟಾಮ್ ಎಂಬ ವೈದ್ಯರು ಮುಟ್ಟು ನಿಂತು, ಪದೇ ಪದೇ ಮೂತ್ರದ ಸೋಂಕಾಗುತ್ತಿದ್ದ 93 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಸ್ಟ್ರಿಯೋಲ್ ಎಂಬ ಸೌಮ್ಯ ಈಸ್ಟ್ರೊಜೆನ್ ಇದ್ದ ಕ್ರೀಮು, ಇನ್ನೊಂದಕ್ಕೆ ನೋಡಲು ಅದೇ ಥರದ, ಔಷಧವಿಲ್ಲದ ಕ್ರೀಮು. ಮೊದಲ ಎರಡು ವಾರ ಪ್ರತಿ ರಾತ್ರಿ ಯೋನಿಯೊಳಗೆ 0.5 ಮಿಲಿಗ್ರಾಂ, ಆಮೇಲೆ ವಾರಕ್ಕೆ ಎರಡು ರಾತ್ರಿ, ಒಟ್ಟು ಎಂಟು ತಿಂಗಳು. ಔಷಧವಿಲ್ಲದ ಕ್ರೀಮು ಹಚ್ಚಿದವರಲ್ಲಿ ತಲಾ ವರ್ಷಕ್ಕೆ ಸರಾಸರಿ 5.9 ಸೋಂಕು ಕಂಡವು. ಎಸ್ಟ್ರಿಯೋಲ್ ಹಚ್ಚಿದವರಲ್ಲಿ 0.5. ಪ್ರಯೋಗಕ್ಕೆ ಮುಂಚೆ ಯಾರಲ್ಲೂ ಇಲ್ಲದ ಲ್ಯಾಕ್ಟೊಬ್ಯಾಸಿಲಸ್ ಎಸ್ಟ್ರಿಯೋಲ್ ಗುಂಪಿನ ಹೆಚ್ಚಿನವರಲ್ಲಿ ಒಂದು ತಿಂಗಳಿಗೇ ಮರಳಿತ್ತು. ಅವರ ಪಿಎಚ್ 5.5ರಿಂದ 3.8ಕ್ಕೆ ಇಳಿದಿತ್ತು. ಇನ್ನೊಂದು ಗುಂಪಿನಲ್ಲಿ ಲ್ಯಾಕ್ಟೊಬ್ಯಾಸಿಲಸ್ ಒಬ್ಬರಲ್ಲೂ ಬರಲಿಲ್ಲ. ಆಮೇಲೆ ನಡೆದ ಅಧ್ಯಯನಗಳಲ್ಲಿ ಲಾಭದ ಪ್ರಮಾಣ ಇಷ್ಟು ದೊಡ್ಡದಾಗಿ ಕಾಣದಿದ್ದರೂ ದಿಕ್ಕು ಬದಲಾಗಿಲ್ಲ. ಪದೇ ಪದೇ ಸೋಂಕಾಗುವ, ಮುಟ್ಟು ನಿಂತ ಹೆಂಗಸರಿಗೆ ಯೋನಿಯ ಈಸ್ಟ್ರೊಜೆನ್ ಕೊಡಿ ಎಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘದ 2019ರ ಮಾರ್ಗಸೂಚಿ ಹೇಳಿತು. ಬಾಯಿಂದ ನುಂಗುವ ಈಸ್ಟ್ರೊಜೆನ್ ಮಾತ್ರೆಯಿಂದ ಈ ಸೋಂಕು ಕಡಿಮೆಯಾಗುವುದಿಲ್ಲ ಎಂಬುದೂ ಅಧ್ಯಯನಗಳಲ್ಲಿ ಕಂಡುಬಂದಿದೆ.

ಚಿಕಿತ್ಸೆ ಹೇಗೆ ಸಾಗುತ್ತದೆ ಎಂದು ನೋಡಲು ಮುಳಬಾಗಿಲು ಕಡೆಯ ಒಬ್ಬ ಹೆಂಗಸನ್ನು ಊಹಿಸಿಕೊಳ್ಳೋಣ. ವಯಸ್ಸು 58, ಮುಟ್ಟು ನಿಂತು ಹತ್ತು ವರ್ಷ, ಟೊಮೆಟೊ ತೋಟದ ಕೆಲಸ, ಸಕ್ಕರೆ ಕಾಯಿಲೆಗೆ ಮಾತ್ರೆ. ಕಳೆದ ವರ್ಷ ನಾಲ್ಕು ಸಲ ಉರಿಮೂತ್ರ, ನಾಲ್ಕು ಸಲವೂ ಬೇರೆ ಬೇರೆ ಆ್ಯಂಟಿಬಯಾಟಿಕ್. ಆರು ತಿಂಗಳಲ್ಲಿ ಎರಡು ಅಥವಾ ವರ್ಷದಲ್ಲಿ ಮೂರು ಸೋಂಕಾದರೆ ಅದನ್ನು ‘ಮರುಕಳಿಸುವ ಸೋಂಕು’ ಎನ್ನುತ್ತಾರೆ. ಆದರೆ ಆ ನಾಲ್ಕೂ ನಿಜವಾಗಿ ಸೋಂಕುಗಳೇ ಆಗಿದ್ದವೇ ಎಂಬುದು ಮೊದಲ ಪ್ರಶ್ನೆ. ತೆಳುವಾಗಿ ಒಣಗಿದ ಚರ್ಮದ ಮೇಲೆ ಮೂತ್ರ ಬಿದ್ದರೂ ಉರಿಯುತ್ತದೆ. ಬ್ಯಾಕ್ಟೀರಿಯಾ ಇಲ್ಲದೆಯೂ ಅವಸರ ಬರುತ್ತದೆ. ಎರಡನ್ನೂ ಬೇರ್ಪಡಿಸುವುದು ಮೂತ್ರದ ಕಲ್ಚರ್ ಪರೀಕ್ಷೆ. ಅದನ್ನು ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲೇ ಕೊಡಬೇಕು. ನುಂಗಿದ ಮೇಲೆ ಕೊಟ್ಟರೆ ಏನೂ ಬೆಳೆಯದೆ ಹೋಗಬಹುದು.

ತಾಲ್ಲೂಕಿನಲ್ಲಿ ಈ ಪರೀಕ್ಷೆ ಕೆಡುವುದು ದಾರಿಯಲ್ಲಿ. ಮುಳಬಾಗಿಲಿನಿಂದ ಕೋಲಾರಕ್ಕೆ ಸುಮಾರು 30 ಕಿ.ಮೀ. ಮನೆಯಲ್ಲೇ ಮೂತ್ರ ಹಿಡಿದು, ಬಸ್ಸಿಗೆ ಕಾದು, ಚೀಟಿಯ ಸಾಲಿನಲ್ಲಿ ನಿಂತು ಲ್ಯಾಬ್ ಮುಟ್ಟಿಸುವಷ್ಟರಲ್ಲಿ ಮೂರ್ನಾಲ್ಕು ಗಂಟೆ ಕಳೆದಿರುತ್ತದೆ. ಬೆಚ್ಚಗಿನ ಮೂತ್ರದಲ್ಲಿ ಚರ್ಮದಿಂದ ಸೇರಿದ ನಾಲ್ಕಾರು ಬ್ಯಾಕ್ಟೀರಿಯಾಗಳು ಅಷ್ಟರಲ್ಲಿ ಸಾವಿರಗಟ್ಟಲೆ ಆಗಿಬಿಡುತ್ತವೆ, ಇಲ್ಲದ ಸೋಂಕು ವರದಿಯಲ್ಲಿ ಕಾಣಿಸುತ್ತದೆ. ಹಾಗಾಗಿ ಆಸ್ಪತ್ರೆಯಲ್ಲೇ, ಲ್ಯಾಬ್ ಕೊಟ್ಟ ಸ್ಟೆರೈಲ್ ಡಬ್ಬಿಯಲ್ಲೇ ಮೂತ್ರ ಕೊಡುವುದು ಒಳ್ಳೆಯದು: ಬರೀ ನೀರಿನಲ್ಲಿ ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಹಿಡಿದು, ಎರಡು ಗಂಟೆಯೊಳಗೆ ತಲುಪಿಸಬೇಕು. ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ವರದಿಗೆ ಒಂದೆರಡು ದಿನ ಬೇಕು. ಅದರಲ್ಲಿ ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಬರೆದಿರುತ್ತಾರೆ. ನಮ್ಮ ದೇಶದಲ್ಲಿ ಸಿಪ್ರೊಫ್ಲಾಕ್ಸಸಿನ್‌ಗೆ ಇ. ಕೊಲೈ ಬಗ್ಗುವುದು ತೀರಾ ಕಡಿಮೆಯಾಗಿದೆ. ಹಳೆಯ ನೈಟ್ರೊಫ್ಯುರಾಂಟೊಯಿನ್ ಮತ್ತು ಫಾಸ್ಫೊಮೈಸಿನ್ ಇನ್ನೂ ಕೆಲಸ ಮಾಡುತ್ತಿವೆ.

ಎರಡನೆಯದು, ಕಣ್ಣಾರೆ ನೋಡುವ ಪರೀಕ್ಷೆ. ಸ್ತ್ರೀರೋಗ ತಜ್ಞೆ ನೋಡಿದಾಗ ಯೋನಿಯ ಗೋಡೆ ಬಿಳಿಚಿಕೊಂಡು, ಮಡಿಕೆಗಳು ಅಳಿಸಿ, ಮುಟ್ಟಿದರೆ ಕೆಂಪಾಗುವಂತಿದ್ದರೆ ಒಣಗಿದ ಗುರುತು. ಪಿಎಚ್ ಕಾಗದದ ತುಂಡೊಂದನ್ನು ಗೋಡೆಗೆ ತಾಗಿಸಿದರೆ ಅಂಕಿಯೂ ಸಿಗುತ್ತದೆ. ಗರ್ಭಕೋಶ ಜಾರಿದೆಯೇ ಎಂದೂ ಆಗಲೇ ಗೊತ್ತಾಗುತ್ತದೆ, ಏಕೆಂದರೆ ಜಾರಿದ್ದರೆ ಮೂತ್ರ ಪೂರ್ತಿ ಖಾಲಿಯಾಗದೆ ಉಳಿದು ಸೋಂಕಿಗೆ ದಾರಿಯಾಗುತ್ತದೆ. ಮೂತ್ರ ಹೊಯ್ದ ಮೇಲೆ ಎಷ್ಟು ಉಳಿದಿದೆ, ಕಲ್ಲಿದೆಯೇ ಎಂಬುದನ್ನು ಹೊಟ್ಟೆಯ ಸ್ಕ್ಯಾನ್ ಹೇಳುತ್ತದೆ. ಚಿಕಿತ್ಸೆ ಮುಗಿದ ಎರಡು ವಾರದೊಳಗೆ ಅದೇ ಬ್ಯಾಕ್ಟೀರಿಯಾ ಮರಳಿದ್ದರಂತೂ ಕಲ್ಲನ್ನು ಹುಡುಕಲೇಬೇಕು. ಈಕೆಗೆ ಸಕ್ಕರೆ ಕಾಯಿಲೆ ಇರುವುದರಿಂದ ಮೂರು ತಿಂಗಳ ಸಕ್ಕರೆಯ ಸರಾಸರಿ ಬೇಕು, ಮಾತ್ರೆಯ ಹೆಸರೂ ಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ಯೋನಿಯಲ್ಲಿ ಫಂಗಸ್ ಬೆಳೆದು ತುರಿಕೆ ತರಬಲ್ಲವು. ಆ ತುರಿಕೆಗೆ ಈಸ್ಟ್ರೊಜೆನ್ ಮದ್ದಲ್ಲ.

ಇದೆಲ್ಲ ಆಗಿ, ಆಗಿನ ಸೋಂಕಿಗೆ ಸರಿಯಾದ ಆ್ಯಂಟಿಬಯಾಟಿಕ್ ಕೊಟ್ಟು, ಜೊತೆಗೇ ಎಸ್ಟ್ರಿಯೋಲ್ ಕ್ರೀಮು ಬರೆದರು ಎನ್ನೋಣ. ಒಂದು ಗ್ರಾಂ ಕ್ರೀಮಿನಲ್ಲಿ 1 ಮಿಲಿಗ್ರಾಂ ಎಸ್ಟ್ರಿಯೋಲ್. 15 ಗ್ರಾಮಿನ ಟ್ಯೂಬು. ಜೊತೆಗೆ ಬರುವ ಪ್ಲಾಸ್ಟಿಕ್ ಕೊಳವೆಗೆ 0.5 ಗ್ರಾಮಿನ ಗುರುತಿನವರೆಗೆ ತುಂಬಿ, ರಾತ್ರಿ ಮಲಗುವ ಮುಂಚೆ, ಮಂಡಿ ಮಡಚಿ ಮಲಗಿ ಒಳಗೆ ಬಿಡಬೇಕು. ಅದರಲ್ಲೇ ಚೂರನ್ನು ಬೆರಳ ತುದಿಯಿಂದ ಹೊರಗೆ, ಮೂತ್ರ ಬರುವ ಜಾಗದ ಸುತ್ತ ಸವರಿದರೆ ಉರಿಯುವ ಜಾಗಕ್ಕೇ ತಾಗುತ್ತದೆ. ಕೊಳವೆಯನ್ನು ಬೆಚ್ಚಗಿನ ನೀರು, ಸೋಪಿನಲ್ಲಿ ತೊಳೆದಿಡಬೇಕು. ಮೊದಲ 14 ರಾತ್ರಿಗೆ 7 ಗ್ರಾಂ ಖರ್ಚಾಗುತ್ತದೆ. ಆಮೇಲೆ ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ ಎಂದಿಟ್ಟುಕೊಂಡರೆ ಮರೆಯುವುದಿಲ್ಲ. ವಾರಕ್ಕೆ 1 ಗ್ರಾಂ. ಉಳಿದ 8 ಗ್ರಾಂ ಎಂಟು ವಾರ ಬರುತ್ತದೆ, ಅಂದರೆ ಮೊದಲ ಟ್ಯೂಬು ಹತ್ತು ವಾರಕ್ಕೆ ಸಾಕು. ಮೂರು ವಾರಕ್ಕೇ ಮುಗಿದಿದ್ದರೆ ಹೆಚ್ಚು ಹಾಕಿದ್ದಾರೆ. ಐದು ತಿಂಗಳಾದರೂ ಉಳಿದಿದ್ದರೆ ಹಚ್ಚುತ್ತಿಲ್ಲ. ಬೇರೆ ಈಸ್ಟ್ರೊಜೆನ್ ಕ್ರೀಮುಗಳಲ್ಲಿ ಔಷಧದ ಬಗೆಯೂ ಪ್ರಮಾಣವೂ ಬೇರೆ ಇರುವುದರಿಂದ ಅಂಗಡಿಯವರು ‘ಅದಿಲ್ಲ, ಇದು ತಗೊಳ್ಳಿ ಅಮ್ಮ’ ಎಂದಾಗ ಡಾಕ್ಟರನ್ನು ಕೇಳದೆ ಬದಲಿಸಬಾರದು.

ಹೆಚ್ಚಿನವರು ಸೋಲುವುದು ಮೊದಲ ತಿಂಗಳಲ್ಲಿ. ಒಣಚರ್ಮದ ಮೇಲೆ ಕ್ರೀಮು ಬಿದ್ದಾಗ ಮೊದಲ ಕೆಲವು ದಿನ ಸ್ವಲ್ಪ ಉರಿ, ತುರಿಕೆ ಆಗಬಹುದು, ಎದೆ ಸ್ವಲ್ಪ ಬಿಗಿದಂತೆ ಅನ್ನಿಸಬಹುದು. 1993ರ ಪ್ರಯೋಗದಲ್ಲೂ ಇಂಥ ಕಿರಿಕಿರಿಗೆ ಕೆಲವರು ಮಧ್ಯದಲ್ಲೇ ಬಿಟ್ಟಿದ್ದರು. ಒಣಗುವಿಕೆ ಕೆಲವು ವಾರಗಳಲ್ಲಿ ತಗ್ಗತೊಡಗಿದರೂ ಸೋಂಕು ನಿಲ್ಲುವುದಕ್ಕೆ ಎರಡು ಮೂರು ತಿಂಗಳು ಬೇಕು. ಆ ನಡುವೆ ಒಮ್ಮೆ ಉರಿಮೂತ್ರ ಬಂದರೆ ‘ಇದೂ ಕೆಲಸ ಮಾಡಲಿಲ್ಲ’ ಎಂದು ಟ್ಯೂಬನ್ನು ಮೂಲೆಗೆ ಹಾಕುವವರೇ ಹೆಚ್ಚು. ಆಗ ಮಾಡಬೇಕಾದದ್ದು ಆ ಸಲದ ಸೋಂಕಿಗೆ ಕಲ್ಚರ್ ಮಾಡಿಸಿ ಮದ್ದು ತೆಗೆದುಕೊಂಡು, ಕ್ರೀಮನ್ನು ಮುಂದುವರಿಸುವುದು. ಇನ್ನು ಕೆಲವರು ಆರಾಮಾದ ಕೂಡಲೇ ಬಿಡುತ್ತಾರೆ. ಹಾರ್ಮೋನು ನಿಂತರೆ ಪದರ ಮತ್ತೆ ತೆಳುವಾಗುತ್ತದೆ, ಉರಿ ಮರಳುತ್ತದೆ.

ಇನ್ನೊಂದು ಅಡ್ಡಿ ಪೆಟ್ಟಿಗೆಯೊಳಗಿನ ಚೀಟಿ. ಇಂಗ್ಲಿಷ್ ಓದಬಲ್ಲ ಮಗನೋ ಸೊಸೆಯೋ ಅದನ್ನು ಬಿಡಿಸಿ ನೋಡಿ, ಕ್ಯಾನ್ಸರ್, ಪಾರ್ಶ್ವವಾಯು ಎಂಬ ಮಾತು ಕಂಡು ‘ಬೇಡಮ್ಮ’ ಎನ್ನುತ್ತಾರೆ. ಆ ಎಚ್ಚರಿಕೆಯ ಬೇರು 2002ರಲ್ಲಿದೆ. ಆ ವರ್ಷ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ದೊಡ್ಡ ಅಧ್ಯಯನದಲ್ಲಿ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಸೇರಿದ ಮಾತ್ರೆಯನ್ನು ದಿನಾ ನುಂಗುತ್ತಿದ್ದವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಹೆಚ್ಚಿದ್ದು ಕಂಡು ಆ ಭಾಗವನ್ನು ಅರ್ಧಕ್ಕೆ ನಿಲ್ಲಿಸಿದರು. ಎಚ್ಚರಿಕೆ ಮಾತ್ರ ಯೋನಿಯ ಕ್ರೀಮಿನ ಮೇಲೂ ಅಂಟಿತು. ನುಂಗಿದ ಮಾತ್ರೆ ರಕ್ತದ ಮೂಲಕ ಮೈಯೆಲ್ಲ ಸುತ್ತುತ್ತದೆ. ಕಡಿಮೆ ಪ್ರಮಾಣದ ಕ್ರೀಮು ಹಚ್ಚಿದವರ ರಕ್ತದಲ್ಲಿ ಈಸ್ಟ್ರೊಜೆನ್ ಮುಟ್ಟು ನಿಂತವರಲ್ಲಿ ಇರಬೇಕಾದಷ್ಟರಲ್ಲೇ ಉಳಿಯುತ್ತದೆ. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ ಯೋನಿಯ ಈಸ್ಟ್ರೊಜೆನ್ ಬಳಸುತ್ತಿದ್ದ ಹೆಂಗಸರನ್ನು ಹಲವು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದಾಗ ಕ್ಯಾನ್ಸರಾಗಲಿ ಹೃದಯದ ಕಾಯಿಲೆಯಾಗಲಿ ಹೆಚ್ಚಿದ್ದು ಕಾಣಲಿಲ್ಲ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ದಪ್ಪಕ್ಷರದ ಎಚ್ಚರಿಕೆಗಳನ್ನು ತೆಗೆಸುವ ಕೆಲಸಕ್ಕೆ ಕೈಹಾಕಿತು.

ಹಾಗೆಂದು ಎಲ್ಲರಿಗೂ ಕೇಳದೆ ಕೊಡುವ ಮದ್ದಲ್ಲ ಇದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಯೋನಿಯಿಂದ ಒಂದು ಚುಕ್ಕೆ ರಕ್ತ ಕಂಡಿದ್ದರೂ ಕ್ರೀಮಿಗೆ ಮೊದಲು ಗರ್ಭಕೋಶದ ಸ್ಕ್ಯಾನ್ ಆಗಬೇಕು, ಬೇಕಾದರೆ ಒಳಪದರದ ಚೂರು ತೆಗೆದು ಪರೀಕ್ಷಿಸಬೇಕು. ಕ್ರೀಮು ಹಚ್ಚುತ್ತಿರುವಾಗ ರಕ್ತ ಕಂಡರೂ ಹಾಗೆಯೇ. ಸ್ತನ ಕ್ಯಾನ್ಸರ್ ಆದವರು ಮೊದಲು ಹಾರ್ಮೋನಿಲ್ಲದ ತೇವಕಾರಕ ಜೆಲ್ ಬಳಸಿ ನೋಡುತ್ತಾರೆ. ಅದರಿಂದ ಆಗದಿದ್ದರೆ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಆ ಮಾತ್ರೆಗಳ ಕೆಲಸವೇ ಮೈಯ ಈಸ್ಟ್ರೊಜೆನ್ನನ್ನು ಇಲ್ಲವಾಗಿಸುವುದು. ಮೂತ್ರದಲ್ಲಿ ರಕ್ತ, ಅದೂ ನೋವಿಲ್ಲದೆ ಬಂದರೆ ಮೂತ್ರಕೋಶದೊಳಗೆ ಗಡ್ಡೆಯಿದೆಯೇ ಎಂದು ನೋಡಬೇಕು. ಚಳಿಜ್ವರ, ಪಕ್ಕೆನೋವು, ವಾಂತಿ ಬಂದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಗರ್ಭಕೋಶ ತೆಗೆಸಿಕೊಂಡವರಲ್ಲಿ ಲೆಕ್ಕ ಸ್ವಲ್ಪ ಬೇರೆ. ಜೊತೆಗೆ ಅಂಡಾಶಯವನ್ನೂ ತೆಗೆದಿದ್ದರೆ 40ರ ವಯಸ್ಸಿನಲ್ಲೇ ಈಸ್ಟ್ರೊಜೆನ್ ಒಮ್ಮೆಗೇ ನಿಂತಿರುತ್ತದೆ; ಒಣಗುವಿಕೆ ಬೇಗ ಶುರುವಾಗುತ್ತದೆ, ಜೋರಾಗಿಯೂ ಇರುತ್ತದೆ. ತಮ್ಮ ಅಂಡಾಶಯ ಉಳಿದಿದೆಯೋ ಇಲ್ಲವೋ ಎಂಬುದು ಅನೇಕರಿಗೆ ಗೊತ್ತೇ ಇರುವುದಿಲ್ಲ. ಹಳೆಯ ಡಿಸ್ಚಾರ್ಜ್ ಕಾರ್ಡಿನಲ್ಲಿ ಅದು ಬರೆದಿರುತ್ತದೆ.

ಮುಳಬಾಗಿಲಿನ ಆಕೆ ಮೂರು ತಿಂಗಳಿಗೆ ಮತ್ತೆ ಬಂದಾಗ ಡಾಕ್ಟರು ನೋಡುವುದು ಮೂರು ಸಂಗತಿ: ಈ ನಡುವೆ ಎಷ್ಟು ಸಲ ಉರಿ ಬಂತು ಮತ್ತು ಅದರಲ್ಲಿ ಎಷ್ಟು ಸಲ ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು, ಯೋನಿಯ ಗೋಡೆಗೆ ಬಣ್ಣ ಮರಳಿದೆಯೇ, ಪಿಎಚ್ ಇಳಿದಿದೆಯೇ. ಪಿಎಚ್ ಇಳಿದು, ತೇವ ಮರಳಿ, ಆದರೂ ಸೋಂಕು ಬರುತ್ತಿದ್ದರೆ ಕಾರಣ ಬೇರೆ ಕಡೆ ಇದೆ, ಕಲ್ಲು, ಉಳಿಯುವ ಮೂತ್ರ, ಸಕ್ಕರೆ ಎಂದು ಹುಡುಕಬೇಕು. ಪಿಎಚ್ 5ರ ಮೇಲೇ ಇದ್ದರೆ ಮೊದಲು ಕೇಳಬೇಕಾದ್ದು ಟ್ಯೂಬಿನಲ್ಲಿ ಎಷ್ಟು ಉಳಿದಿದೆ ಎಂದು. ಉರಿಯೇ ಇಲ್ಲದೆ, ಬೇರೆ ಯಾವುದಕ್ಕೋ ಮಾಡಿಸಿದ ಮೂತ್ರ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಂಡರೆ ಮದ್ದು ಬೇಕಿಲ್ಲ: ವಯಸ್ಸಾದ ಅನೇಕ ಹೆಂಗಸರ ಮೂತ್ರದಲ್ಲಿ ಅವು ಏನೂ ತೊಂದರೆ ಕೊಡದೆ ಇರುತ್ತವೆ. ಅವನ್ನು ಮಾತ್ರೆ ಕೊಟ್ಟು ಕೆದಕಿದರೆ ಮುಂದಿನ ಸಲ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬಂದು ಕೂರುತ್ತದೆ. ಎಲ್ಲ ಸರಿಯಿದ್ದರೆ ಸೋಮವಾರ, ಗುರುವಾರದ ಲೆಕ್ಕ ಮುಂದುವರಿಯುತ್ತದೆ. ಇನ್ನೂ ಬೇಕೇ ಎಂಬುದನ್ನು ವರ್ಷಕ್ಕೊಮ್ಮೆ ನೋಡಿ ತೀರ್ಮಾನಿಸುತ್ತಾರೆ.